ಯೂಟ್ಯೂಬ್‌ನ ದಾರಿ ಎರಡು ಗಂಟೆ ಪಾಕಿಸ್ತಾನಕ್ಕೆ ತಿರುಗಿದ್ದು ಹೇಗೆ?

ನೆಟ್‌ವರ್ಕಿಂಗ್ ಅಧ್ಯಾಯ ಮುಗಿಸಿದ ದಿನ ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ರೂಟರ್ ಒಳ್ಳೆಯ ದಾರಿ ಆರಿಸುತ್ತದೆ ಅಂತ ಬರೆದಿದ್ದಾರೆ. ಆದರೆ ಇರುವ ದಾರಿಗಳು ಯಾವುವು ಅಂತ ರೂಟರ್‌ಗೆ ಹೇಳುವವರು ಯಾರು?" ಪಠ್ಯಪುಸ್ತಕ ಒಂದು ವಾಕ್ಯದಲ್ಲಿ ದಾಟಿ ಹೋಗುವ ಜಾಗ ಅದು. ಬೆಲ್ ಆಗಿದ್ದರಿಂದ ಅಂದು ಪೂರ್ತಿ ಉತ್ತರ ಕೊಡಲಾಗಲಿಲ್ಲ. ಈ ಲೇಖನ ಅವಳ ಪ್ರಶ್ನೆಗೆ ಉತ್ತರ.

ಚಿಕ್ಕ ಉತ್ತರ ಹೀಗಿದೆ: ದಾರಿ ಹೇಳುವವರು ಪಕ್ಕದ ನೆಟ್‌ವರ್ಕಿನವರು. ಅವರಿಗೆ ಹೇಳಿದವರು ಅವರ ಪಕ್ಕದವರು. ಹೇಳಿದ್ದು ನಿಜವೇ ಎಂದು ಬಹುಕಾಲ ಯಾರೂ ಕೇಳುತ್ತಿರಲಿಲ್ಲ. ಇದರ ಪರಿಣಾಮ ಏನಾಗಬಹುದು ಎಂಬುದನ್ನು ಜಗತ್ತು ಚೆನ್ನಾಗಿ ಕಂಡದ್ದು 2008ರ ಫೆಬ್ರವರಿ 24ರ ಭಾನುವಾರ. ನಮ್ಮ ಗಡಿಯಾರದಲ್ಲಿ ಆಗಲೇ ಸೋಮವಾರ ಹುಟ್ಟಿ ಹದಿನೇಳು ನಿಮಿಷವಾಗಿತ್ತು.

ಆ ರಾತ್ರಿಗೆ ಹೋಗುವ ಮೊದಲು ಎರಡು ವಿಷಯ ಗೊತ್ತಿರಬೇಕು.

ಮೊದಲನೆಯದು, ಇಂಟರ್ನೆಟ್ ಎಂಬುದು ಒಂದೇ ನೆಟ್‌ವರ್ಕ್ ಅಲ್ಲ. ಟೆಲಿಕಾಂ ಕಂಪನಿಗಳು, ದೊಡ್ಡ ವೆಬ್‌ಸೈಟ್‌ಗಳು, ವಿಶ್ವವಿದ್ಯಾಲಯಗಳು ಹೀಗೆ ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುವ 70 ಸಾವಿರಕ್ಕೂ ಹೆಚ್ಚು ನೆಟ್‌ವರ್ಕ್‌ಗಳು ಒಂದಕ್ಕೊಂದು ಜೋಡಿಕೊಂಡಿವೆ. ಇಂತಹ ಒಂದೊಂದನ್ನೂ ಅಟಾನಮಸ್ ಸಿಸ್ಟಮ್, ಚುಟುಕಾಗಿ ಎಎಸ್, ಎನ್ನುತ್ತಾರೆ. ಪ್ರತಿ ಎಎಸ್‌ಗೂ ಒಂದು ಸಂಖ್ಯೆ ಇರುತ್ತದೆ. 2008ರಲ್ಲಿ ಯೂಟ್ಯೂಬ್‌ನ ಸಂಖ್ಯೆ 36561, ಪಾಕಿಸ್ತಾನ್ ಟೆಲಿಕಾಂನದು 17557. ಪಾಕಿಸ್ತಾನ್ ಟೆಲಿಕಾಂಗೆ ಹೊರಜಗತ್ತಿನ ಸಂಪರ್ಕ ಕೊಡುತ್ತಿದ್ದ ಕಂಪನಿಗಳಲ್ಲಿ ಒಂದು ಹಾಂಗ್‌ಕಾಂಗ್ ಮೂಲದ ಪಿಸಿಸಿಡಬ್ಲ್ಯು. ಅದರ ಸಂಖ್ಯೆ 3491. ಈ ಮೂರು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಕಥೆಯ ಪಾತ್ರಗಳು ಇವೇ.

ಈ ನೆಟ್‌ವರ್ಕ್‌ಗಳು ಪರಸ್ಪರ ಮಾತಾಡುವ ಭಾಷೆಗೆ ಬಿಜಿಪಿ, ಅಂದರೆ ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್ ಎಂದು ಹೆಸರು. 1989ರಲ್ಲಿ ಕರ್ಕ್ ಲಾಹೀಡ್ ಮತ್ತು ಯಾಕೋವ್ ರೆಖ್ತರ್ ಎಂಬ ಇಬ್ಬರು ಎಂಜಿನಿಯರುಗಳು ಊಟದ ಮೇಜಿನ ಮೇಲೆ ಕಾಗದದ ಕರವಸ್ತ್ರಗಳಲ್ಲಿ ಇದರ ಮೊದಲ ರೂಪ ಗೀಚಿದರು. ಆಗ ಇಂಟರ್ನೆಟ್ಟಿನಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಪರಿಚಯಸ್ಥರು. ಪಕ್ಕದವರ ಮಾತು ನಂಬುವುದು ಆಗ ತಪ್ಪಾಗಿರಲಿಲ್ಲ.

ಬಿಜಿಪಿಯಲ್ಲಿ ಒಂದು ನೆಟ್‌ವರ್ಕ್ ಹೇಳುವುದು ಇಷ್ಟೇ: "ಈ ವಿಳಾಸಗಳ ಗುಂಪು ನನ್ನಲ್ಲಿದೆ, ಇದಕ್ಕೆ ಹೋಗುವ ಪ್ಯಾಕೆಟ್‌ಗಳನ್ನು ನನಗೆ ಕೊಡಿ." ಕೇಳಿಸಿಕೊಂಡ ಪಕ್ಕದ ನೆಟ್‌ವರ್ಕ್ ಅದರ ಮುಂದೆ ತನ್ನ ಸಂಖ್ಯೆ ಸೇರಿಸಿ ತನ್ನ ಪಕ್ಕದವರಿಗೆ ದಾಟಿಸುತ್ತದೆ. ಅವರು ತಮ್ಮ ಸಂಖ್ಯೆ ಸೇರಿಸಿ ಮುಂದಕ್ಕೆ ದಾಟಿಸುತ್ತಾರೆ. ಹೀಗೆ ಬೆಳೆಯುವ ಸಂಖ್ಯೆಗಳ ಸಾಲೇ ಎಎಸ್ ಪಾಥ್. ಸಾಲಿನ ಬಲತುದಿಯಲ್ಲಿರುವವರು ಮಾತು ಶುರು ಮಾಡಿದವರು. ಘೋಷಣೆ ಒಂದು ದಿಕ್ಕಿಗೆ ಹರಿದರೆ ಪ್ಯಾಕೆಟ್‌ಗಳು ಅದರ ವಿರುದ್ಧ ದಿಕ್ಕಿಗೆ ಹರಿಯುತ್ತವೆ. ಇದು ಮೊದಲ ಸಲ ಕೇಳುವವರಿಗೆ ಗೊಂದಲ ಮಾಡುತ್ತದೆ, ಎರಡು ಸಲ ಓದಿ.

ಎರಡನೆಯ ವಿಷಯ ವಿಳಾಸಗಳ ಗುಂಪು ಎಂದರೇನು ಎಂಬುದು. ಐಪಿ ವಿಳಾಸ 32 ಬಿಟ್‌ಗಳ ಸಂಖ್ಯೆ. ಯೂಟ್ಯೂಬ್ ಅಂದು ಘೋಷಿಸುತ್ತಿದ್ದ ಗುಂಪು 208.65.152.0/22. ಓರೆಗೆರೆಯ ನಂತರದ 22 ಎಂದರೆ ಮೊದಲ 22 ಬಿಟ್‌ಗಳು ಸ್ಥಿರ, ಉಳಿದ 10 ಬಿಟ್‌ಗಳು ಏನು ಬೇಕಾದರೂ ಆಗಬಹುದು. ಅಂದರೆ 2ರ ಘಾತ 10, ಒಟ್ಟು 1024 ವಿಳಾಸಗಳು, 208.65.152.0 ಯಿಂದ 208.65.155.255 ರವರೆಗೆ. /24 ಎಂದರೆ 256 ವಿಳಾಸಗಳು, /25 ಎಂದರೆ 128. ಓರೆಗೆರೆಯ ನಂತರದ ಸಂಖ್ಯೆ ದೊಡ್ಡದಾದಷ್ಟೂ ಗುಂಪು ಚಿಕ್ಕದು.

ಒಂದು ವಿಳಾಸಕ್ಕೆ ಎರಡು ಗುಂಪುಗಳು ಹೊಂದಿದರೆ ರೂಟರ್ ಏನು ಮಾಡುತ್ತದೆ? ನಿಯಮ ಒಂದೇ, ಅದಕ್ಕೆ ವಿನಾಯಿತಿ ಇಲ್ಲ: ಹೆಚ್ಚು ಬಿಟ್‌ಗಳು ಹೊಂದುವ ಗುಂಪು, ಅಂದರೆ ಚಿಕ್ಕ ಗುಂಪು, ಗೆಲ್ಲುತ್ತದೆ.

ಮಂಗಳೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ, ಮಣಿಪಾಲಕ್ಕೆ ಹೋಗಬೇಕು ಎಂದುಕೊಳ್ಳಿ. ಒಬ್ಬ ಕಂಡಕ್ಟರ್ "ಉಡುಪಿ, ಉಡುಪಿ" ಎಂದು ಕೂಗುತ್ತಾನೆ. ಇನ್ನೊಬ್ಬ "ಮಣಿಪಾಲ, ಮಣಿಪಾಲ" ಎನ್ನುತ್ತಾನೆ. ನೀವು ಹತ್ತುವುದು ಎರಡನೆಯ ಬಸ್ಸನ್ನೇ. ನಿಮ್ಮ ಊರಿನ ಹೆಸರನ್ನೇ ನಿಖರವಾಗಿ ಕೂಗಿದವನ ಬಸ್ಸು ಅದು. ನಿಜವಾಗಿ ಆ ಬಸ್ಸಿಗೆ ಮಣಿಪಾಲದ ಪರ್ಮಿಟ್ ಇದೆಯೇ ಎಂದು ನೀವು ವಿಚಾರಿಸುವುದಿಲ್ಲ. (ಬಸ್ಸಿನಲ್ಲಾದರೆ ಸುರತ್ಕಲ್ ದಾಟುವಷ್ಟರಲ್ಲಿ ಅನುಮಾನ ಬಂದು ಇಳಿಯಬಹುದು. ಪ್ಯಾಕೆಟ್‌ಗೆ ಆ ಬುದ್ಧಿ ಇಲ್ಲ.)

ಈಗ ಆ ರಾತ್ರಿಗೆ ಬರೋಣ.

ಪಾಕಿಸ್ತಾನದ ಟೆಲಿಕಾಂ ಪ್ರಾಧಿಕಾರ ಆಕ್ಷೇಪಾರ್ಹ ವಿಡಿಯೊ ಒಂದರ ಕಾರಣದಿಂದ ಯೂಟ್ಯೂಬನ್ನು ತಡೆಯುವಂತೆ ಆ ದೇಶದ ಸೇವಾ ಕಂಪನಿಗಳಿಗೆ ಆದೇಶಿಸಿತ್ತು. ಆದೇಶ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಅದನ್ನು ಜಾರಿಗೆ ತಂದ ರೀತಿಯಷ್ಟೇ ನಮಗೆ ಇಲ್ಲಿ ಬೇಕಿರುವುದು. ಒಂದು ಜಾಲತಾಣವನ್ನು ತಡೆಯಲು ಎಂಜಿನಿಯರುಗಳು ಬಳಸುವ ಸುಲಭ ಉಪಾಯ ಎಂದರೆ ತಮ್ಮ ನೆಟ್‌ವರ್ಕಿನೊಳಗೆ ಸುಳ್ಳು ದಾರಿಯೊಂದನ್ನು ಹಾಕುವುದು: "ಈ ವಿಳಾಸಗಳಿಗೆ ಬರುವ ಪ್ಯಾಕೆಟ್‌ಗಳನ್ನು ಕಸದ ಬುಟ್ಟಿಗೆ ಹಾಕು." ಯೂಟ್ಯೂಬ್‌ನ ವೆಬ್ ಸರ್ವರ್‌ಗಳಿದ್ದ 208.65.153.0/24 ಗುಂಪಿಗೆ ಅಂತಹ ದಾರಿ ಹಾಕಲಾಯಿತು. ಅಲ್ಲಿಯವರೆಗೆ ಎಲ್ಲವೂ ಅವರ ಮನೆಯೊಳಗಿನ ವಿಷಯ.

ತಪ್ಪಾದದ್ದು ಮುಂದಿನ ಹೆಜ್ಜೆಯಲ್ಲಿ. ಮನೆಯೊಳಗೆ ಇರಬೇಕಾಗಿದ್ದ ಆ ದಾರಿ ಬಿಜಿಪಿಯ ಮೂಲಕ ಹೊರಗೆ, ಪಿಸಿಸಿಡಬ್ಲ್ಯುಗೆ, ಘೋಷಣೆಯಾಗಿ ಹೋಯಿತು. ಭಾರತೀಯ ಕಾಲಮಾನ ರಾತ್ರಿ 12:17. ಪಿಸಿಸಿಡಬ್ಲ್ಯು ತನ್ನ ಗ್ರಾಹಕ ಹೇಳಿದ್ದನ್ನು ಪರಿಶೀಲಿಸದೆ ತನ್ನ ಸಂಖ್ಯೆ ಸೇರಿಸಿ ಜಗತ್ತಿಗೆ ದಾಟಿಸಿತು. ಆಗ ದೂರದ ಯಾವುದೋ ರೂಟರಿನ ಪಟ್ಟಿಯಲ್ಲಿ ಎರಡು ಸಾಲುಗಳು ಕಾಣುತ್ತಿದ್ದವು. ನಡುವಿನ ಸಂಖ್ಯೆಗಳು ಒಂದೊಂದು ಕಡೆ ಒಂದೊಂದು ಬಗೆ ಇರುವುದರಿಂದ ಚುಕ್ಕೆ ಹಾಕಿದ್ದೇನೆ:

```
208.65.152.0/22    ... 36561
208.65.153.0/24    ... 3491 17557
```

208.65.153.238 ಎಂಬ ವಿಳಾಸಕ್ಕೆ ಹೋಗಬೇಕಾದ ಪ್ಯಾಕೆಟ್ ಈ ರೂಟರಿಗೆ ಬಂತು ಎನ್ನಿ. ಬೈನರಿಯಲ್ಲಿ ಹೋಲಿಸಿ ನೋಡಿ, ಪರೀಕ್ಷೆಗೆ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ:

```
208.65.153.238   11010000 01000001 10011001 11101110
208.65.152.0/22  11010000 01000001 100110
208.65.153.0/24  11010000 01000001 10011001
```

ಎರಡೂ ಹೊಂದುತ್ತವೆ. ಒಂದು 22 ಬಿಟ್, ಇನ್ನೊಂದು 24 ಬಿಟ್. 24 ಗೆದ್ದಿತು. ಮೊದಲ ಸಾಲಿನ ಪಾಥ್ ಎಷ್ಟೇ ಚಿಕ್ಕದಿರಲಿ, ಯೂಟ್ಯೂಬ್ ಪಕ್ಕದ ಕೋಣೆಯಲ್ಲೇ ಇರಲಿ, ಲೆಕ್ಕಕ್ಕಿಲ್ಲ. ಆ ಘೋಷಣೆ ತಲುಪಿದ ಪ್ರತಿ ರೂಟರೂ ಯೂಟ್ಯೂಬ್‌ಗೆ ಹೋಗಬೇಕಾದ ಪ್ಯಾಕೆಟ್‌ಗಳನ್ನು ಪಾಕಿಸ್ತಾನದ ಕಡೆಗೆ ತಳ್ಳತೊಡಗಿತು. ಅಲ್ಲಿ ಅವುಗಳಿಗೆ ಕಾದಿದ್ದದ್ದು ಆ ಕಸದ ಬುಟ್ಟಿ. ತಮ್ಮ ದೇಶದ ಮಟ್ಟಿಗೆ ಹಾಕಿದ ತಡೆ ಕೆಲವೇ ನಿಮಿಷಗಳಲ್ಲಿ ಜಗತ್ತಿನ ಬಹುಭಾಗಕ್ಕೆ ತಡೆಯಾಯಿತು. ಯೂಟ್ಯೂಬ್‌ನ ಒಂದು ಯಂತ್ರವೂ ಕೆಟ್ಟಿರಲಿಲ್ಲ, ಒಂದು ತಂತಿಯೂ ಕಡಿದಿರಲಿಲ್ಲ. ಅಲ್ಲಿಗೆ ಹೋಗುವ ದಾರಿ ಮಾತ್ರ ಬದಲಾಗಿತ್ತು.

ಪಿಸಿಸಿಡಬ್ಲ್ಯು ಅಷ್ಟು ಸುಲಭವಾಗಿ ನಂಬಿದ್ದೇಕೆ? ಇಲ್ಲಿ ಹಣದ ಲೆಕ್ಕವೂ ಇದೆ. ನೆಟ್‌ವರ್ಕ್‌ಗಳ ನಡುವೆ ಕೊಡುವವರು, ಕೊಳ್ಳುವವರು, ಸಮಾನರು ಎಂಬ ಸಂಬಂಧಗಳಿವೆ. ಗ್ರಾಹಕನ ಕಡೆಗೆ ಹರಿಯುವ ಪ್ಯಾಕೆಟ್‌ಗೆ ಗ್ರಾಹಕ ಹಣ ಕೊಡುತ್ತಾನೆ. ಆದ್ದರಿಂದ ಒಂದೇ ಗುಂಪಿಗೆ ಹಲವು ಕಡೆಯಿಂದ ದಾರಿ ಬಂದರೆ ಗ್ರಾಹಕ ಹೇಳಿದ ದಾರಿಗೇ ಕಂಪನಿಗಳು ಮೊದಲ ಆದ್ಯತೆ ಕೊಡುತ್ತವೆ; ಪಾಥ್ ಉದ್ದವೋ ಗಿಡ್ಡವೋ ಎಂದು ನೋಡುವುದು ಆಮೇಲೆ. ಗ್ರಾಹಕನ ಘೋಷಣೆಯನ್ನು ಎಲ್ಲರಿಗೂ ದಾಟಿಸುವುದೂ ವ್ಯವಹಾರದ ಭಾಗವೇ. ಆದರೆ ಹಾಗೆ ದಾಟಿಸುವ ಮೊದಲು "ಈ ಗ್ರಾಹಕನ ಬಳಿ ಇರುವ ವಿಳಾಸಗಳು ಇಂತಿಂಥವು" ಎಂಬ ಪಟ್ಟಿ ಇಟ್ಟುಕೊಂಡು ಸೋಸಬೇಕು. ಆ ಜರಡಿ ಅಂದು ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಹೆಚ್ಚಿನ ತಪ್ಪು ಇಲ್ಲೇ ಆಗಿದೆ. ಸೋರಿಕೆ ಯಾರಿಂದಲೂ ಆಗಬಹುದು. ಸೋರಿದ್ದನ್ನು ಹಿಡಿಯಬೇಕಾದವರು ದೊಡ್ಡವರು.

ಮುಂದೆ ನಡೆದದ್ದು ಒಂದು ರೀತಿಯ ಚದುರಂಗ. ಪ್ರತಿ ನಡೆಯೂ ಬಿಜಿಪಿಯ ಒಂದೊಂದು ನಿಯಮವನ್ನು ತೋರಿಸುತ್ತದೆ.

ಯೂಟ್ಯೂಬ್‌ನ ಮೊದಲ ಉತ್ತರ ಬರಲು 80 ನಿಮಿಷ ಬೇಕಾಯಿತು. ರಾತ್ರಿ 1:37ಕ್ಕೆ ಅದು ತಾನೂ 208.65.153.0/24 ಗುಂಪನ್ನೇ ಘೋಷಿಸಿತು. ಈಗ ಎರಡು ಕಡೆಯೂ 24 ಬಿಟ್, ಸಮ. ಹೀಗೆ ಒಂದೇ ಗುಂಪನ್ನು ಇಬ್ಬರು ಹೇಳಿದಾಗ ಮಾತ್ರ ಆದ್ಯತೆ, ಪಾಥ್‌ನ ಉದ್ದ ಮುಂತಾದವು ಲೆಕ್ಕಕ್ಕೆ ಬರುತ್ತವೆ. ಯೂಟ್ಯೂಬ್‌ಗೆ ಹತ್ತಿರವಿದ್ದ ನೆಟ್‌ವರ್ಕ್‌ಗಳು ಅದರ ಕಡೆ ತಿರುಗಿದವು, ಪಿಸಿಸಿಡಬ್ಲ್ಯುಗೆ ಹತ್ತಿರವಿದ್ದವು ಪಾಕಿಸ್ತಾನದ ಕಡೆಯೇ ಉಳಿದವು. ಜಗತ್ತು ಇಬ್ಭಾಗವಾಯಿತು ಎನ್ನಬಹುದು. ಒಬ್ಬನಿಗೆ ಯೂಟ್ಯೂಬ್ ತೆರೆಯುತ್ತದೆ, ಬೇರೆ ಕಂಪನಿಯ ಸಂಪರ್ಕವಿರುವ ಪಕ್ಕದ ಮನೆಯವನಿಗೆ ತೆರೆಯುವುದಿಲ್ಲ.

ಹನ್ನೊಂದು ನಿಮಿಷದ ನಂತರ, 1:48ಕ್ಕೆ, ಯೂಟ್ಯೂಬ್ ಇನ್ನೊಂದು ನಡೆ ಇಟ್ಟಿತು. ಆ /24 ಗುಂಪನ್ನು ಎರಡಾಗಿ ಕತ್ತರಿಸಿ 208.65.153.0/25 ಮತ್ತು 208.65.153.128/25 ಎಂದು ಘೋಷಿಸಿತು. ನಮ್ಮ .238 ವಿಳಾಸ ಎರಡನೆಯ ಅರ್ಧದಲ್ಲಿ ಬರುತ್ತದೆ. 25 ಬಿಟ್ ಹೊಂದಿತು, 24ನ್ನು ಸೋಲಿಸಿತು. ಎದುರಾಳಿಯ ಅಸ್ತ್ರವೇ ಈಗ ಯೂಟ್ಯೂಬ್‌ನ ಕೈಗೆ ಬಂತು. ಹಾಗಾದರೆ ಆಟ ಮುಗಿಯಬೇಕಿತ್ತಲ್ಲ? ಇಲ್ಲ. ಬಹಳಷ್ಟು ನೆಟ್‌ವರ್ಕ್‌ಗಳು /24ಕ್ಕಿಂತ ಚಿಕ್ಕ ಗುಂಪುಗಳನ್ನು ಒಪ್ಪುವುದೇ ಇಲ್ಲ. ಒಪ್ಪಿದರೆ ರೂಟರಿನ ಪಟ್ಟಿ ಹಿಡಿತ ಮೀರಿ ಬೆಳೆಯುತ್ತದೆ. ಇಂದು ಅದು ಸುಮಾರು 10 ಲಕ್ಷ ಸಾಲುಗಳಷ್ಟಿದೆ. ಆದ್ದರಿಂದ ಈ ನಡೆ ಫಲಿಸಿದ್ದು ಅಂತಹ ಜರಡಿ ಇಲ್ಲದ ಕಡೆ ಮಾತ್ರ.

2:21ಕ್ಕೆ ಪಾಕಿಸ್ತಾನ್ ಟೆಲಿಕಾಂನ ಘೋಷಣೆಗಳ ಪಾಥ್‌ನಲ್ಲಿ 17557 ಎಂಬ ಸಂಖ್ಯೆ ಇನ್ನೊಂದು ಸಲ ಸೇರಿಕೊಂಡು ಕಾಣಿಸಿತು. ಪಾಥ್ ಒಂದು ಮೆಟ್ಟಿಲು ಉದ್ದವಾಯಿತು, ಇನ್ನಷ್ಟು ರೂಟರುಗಳು ಯೂಟ್ಯೂಬ್‌ನ ಕಡೆ ವಾಲಿದವು. ಬೇಡದ ದಾರಿಯನ್ನು ಕಡಿಯದೆ ಅನಾಕರ್ಷಕಗೊಳಿಸುವ ಹಳೆಯ ಉಪಾಯ ಇದು. ಕೊನೆಗೆ 2:31ಕ್ಕೆ ಪಿಸಿಸಿಡಬ್ಲ್ಯು ಆ ಗ್ರಾಹಕನಿಂದ ಬಂದಿದ್ದ ಎಲ್ಲ ಘೋಷಣೆಗಳನ್ನೂ ಹಿಂತೆಗೆದುಕೊಂಡಿತು. ಸುಳ್ಳು ದಾರಿ ಅಳಿಸಿಹೋಯಿತು. ಆರಂಭದಿಂದ ಅಂತ್ಯದವರೆಗೆ 2 ಗಂಟೆ 14 ನಿಮಿಷ. ಗಮನಿಸಿ, ರೋಗ ವಾಸಿಯಾದದ್ದು ಯೂಟ್ಯೂಬ್‌ನ ಚಾಣಾಕ್ಷತೆಯಿಂದಲ್ಲ, ತಪ್ಪು ದಾಟಿಸಿದವರೇ ಅದನ್ನು ನಿಲ್ಲಿಸಿದ್ದರಿಂದ.

ಇಷ್ಟು ನಿಮಿಷಗಳ ಲೆಕ್ಕ ಹೇಗೆ ಸಿಕ್ಕಿತು ಎಂದು ಕೇಳಬಹುದು. ಯುರೋಪಿನ ವಿಳಾಸ ನೋಂದಣಿ ಸಂಸ್ಥೆ ರೈಪ್ ಎನ್‌ಸಿಸಿ ಜಗತ್ತಿನ ಹಲವೆಡೆ ಕೇವಲ ಕೇಳಿಸಿಕೊಳ್ಳುವ ರೂಟರುಗಳನ್ನು ಇಟ್ಟಿದೆ. ಅವು ಪ್ಯಾಕೆಟ್ ಸಾಗಿಸುವುದಿಲ್ಲ; ಯಾರು ಯಾವಾಗ ಏನು ಘೋಷಿಸಿದರು ಎಂದು ಬರೆದಿಡುತ್ತವೆ. ಆ ದಾಖಲೆ ಎಲ್ಲರಿಗೂ ಮುಕ್ತ. ನಮ್ಮ ಲ್ಯಾಬಿನಲ್ಲೂ stat.ripe.net ತೆರೆದು ಯಾವುದೇ ಐಪಿ ವಿಳಾಸ ಹಾಕಿದರೆ ಅದು ಯಾವ ಗುಂಪಿಗೆ ಸೇರಿದೆ, ಯಾವ ಎಎಸ್ ಅದನ್ನು ಘೋಷಿಸುತ್ತಿದೆ ಎಂದು ಕಾಣುತ್ತದೆ. ದಾರಿ ತಪ್ಪಿದ್ದನ್ನು ಗುರುತಿಸುವ ಲಕ್ಷಣಗಳೂ ಅಲ್ಲೇ ಇವೆ: ಬಲತುದಿಯ ಸಂಖ್ಯೆ ಇದ್ದಕ್ಕಿದ್ದಂತೆ ಬದಲಾಗಿರುವುದು, ಇಲ್ಲವೇ ಎಂದೂ ಇರದ ಚಿಕ್ಕ ಗುಂಪೊಂದು ಹೊಸದಾಗಿ ಹುಟ್ಟಿರುವುದು. ನಮ್ಮ ಕಡೆಯಿಂದ tracert ಕೊಟ್ಟು ನೋಡಿದರೆ ಸಂಬಂಧವಿಲ್ಲದ ದೇಶದೊಳಗೆ ದಾರಿ ಹೊಕ್ಕು ಅಲ್ಲೇ ನಿಂತುಬಿಡುವುದು ಇನ್ನೊಂದು ಸುಳಿವು.

ಯೂಟ್ಯೂಬ್ ಪ್ರಕರಣದಲ್ಲಿ ಪ್ಯಾಕೆಟ್‌ಗಳು ಬುಟ್ಟಿಗೆ ಬಿದ್ದವು, ಜನರಿಗೆ ಕಿರಿಕಿರಿಯಾಯಿತು, ಅಷ್ಟೇ. ಬೇಕೆಂದೇ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2018ರ ಏಪ್ರಿಲ್ 24 ನೋಡಿ. ಅಂದು ಅಮೆರಿಕದ ಓಹಿಯೋದ ಒಂದು ಸಣ್ಣ ನೆಟ್‌ವರ್ಕಿನಿಂದ ಅಮೆಜಾನ್‌ನ ಡಿಎನ್‌ಎಸ್ ಸರ್ವರ್‌ಗಳಿದ್ದ ವಿಳಾಸಗಳಿಗೆ /24 ಗುಂಪುಗಳ ಸುಳ್ಳು ಘೋಷಣೆ ಹೊರಟಿತು. ಅಮೆಜಾನ್ ಘೋಷಿಸುತ್ತಿದ್ದದ್ದು /23. ಮತ್ತೆ ಅದೇ ಚಿಕ್ಕ ಗುಂಪಿನ ಗೆಲುವು. ದಾಳಿಕೋರರು ಅಲ್ಲಿಗೆ ಬಂದ ಪ್ರಶ್ನೆಗಳಲ್ಲಿ ಮೈಈಥರ್‌ವಾಲೆಟ್ ಎಂಬ ಕ್ರಿಪ್ಟೋ ಹಣದ ತಾಣದ ಹೆಸರಿಗೆ ಮಾತ್ರ ತಮ್ಮ ನಕಲಿ ಸರ್ವರಿನ ವಿಳಾಸ ಕೊಟ್ಟರು. ಬ್ರೌಸರ್‌ಗಳು ಸುಮ್ಮನಿರಲಿಲ್ಲ: ಈ ತಾಣದ ಸರ್ಟಿಫಿಕೇಟ್ ನಂಬಲರ್ಹವಲ್ಲ ಎಂಬ ಎಚ್ಚರಿಕೆ ತೋರಿಸಿದವು. ಅದನ್ನು ಬದಿಗೆ ಸರಿಸಿ ಮುಂದೆ ಒತ್ತಿದವರ ಹಣ ಹೋಯಿತು. ಸುಮಾರು ಎರಡು ಗಂಟೆಯಲ್ಲಿ ಹೆಚ್ಚುಕಡಿಮೆ ಒಂದೂವರೆ ಲಕ್ಷ ಡಾಲರ್. ನಮ್ಮಲ್ಲಿ ಎಷ್ಟು ಮಂದಿ ಆ ಕೆಂಪು ಎಚ್ಚರಿಕೆಯ ಪುಟವನ್ನು ಓದದೆ "ಮುಂದುವರಿಯಿರಿ" ಒತ್ತಿದ್ದೇವೆ ಎಂದು ಕೈ ಎತ್ತಲು ಹೇಳಿದರೆ ಸ್ಟಾಫ್ ರೂಮಿನಲ್ಲೂ ಕೈಗಳು ಏಳಬಹುದು. ಬಿಜಿಪಿ ಮೋಸಹೋದಾಗ ನಿಮಗೂ ಕಳ್ಳನಿಗೂ ನಡುವೆ ಉಳಿಯುವ ಕೊನೆಯ ಬಾಗಿಲು ಆ ಪುಟ.

ಪರಿಹಾರವಾಗಿ ಈಗ ಬಂದಿರುವುದು ಆರ್‌ಪಿಕೆಐ. ವಿಳಾಸಗಳ ಒಡೆಯ ತನ್ನ ನೋಂದಣಿ ಸಂಸ್ಥೆಯ ಮೂಲಕ, ಭಾರತದಲ್ಲಾದರೆ ಐಆರ್‌ಐಎನ್‌ಎನ್ ಮೂಲಕ, ಡಿಜಿಟಲ್ ಸಹಿಯಿರುವ ಒಂದು ಪತ್ರ ಪ್ರಕಟಿಸುತ್ತಾನೆ. ಅದರ ಹೆಸರು ಆರ್‌ಒಎ. ಅದರಲ್ಲಿ ಮೂರು ಮಾತುಗಳಿರುತ್ತವೆ: ಗುಂಪು ಯಾವುದು, ಅದನ್ನು ಘೋಷಿಸುವ ಹಕ್ಕು ಯಾವ ಎಎಸ್‌ಗೆ, ಎಷ್ಟು ಚಿಕ್ಕ ತುಂಡಿನವರೆಗೆ ಘೋಷಿಸಬಹುದು. 2008ರಲ್ಲಿ ಇದು ಇದ್ದು, ಯೂಟ್ಯೂಬ್ "208.65.152.0/22, ಎಎಸ್ 36561, ಗರಿಷ್ಠ 22" ಎಂದು ಬರೆದಿದ್ದರೆ, 17557 ಹೇಳಿದ /24 ಎರಡು ಕಾರಣಕ್ಕೆ ಅಸಿಂಧುವಾಗುತ್ತಿತ್ತು: ಹೇಳಿದವನೂ ತಪ್ಪು, ತುಂಡಿನ ಅಳತೆಯೂ ತಪ್ಪು. ಪರಿಶೀಲಿಸುವ ರೂಟರು ಅದನ್ನು ಬಿಸಾಡುತ್ತಿತ್ತು.

ಒಂದು ತಮಾಷೆಯ ತೊಡಕೂ ಇದೆ, ತರಗತಿಯಲ್ಲಿ ಚರ್ಚಿಸಲು ಯೋಗ್ಯ. ಅದೇ ಪತ್ರದ ಪ್ರಕಾರ ಯೂಟ್ಯೂಬ್ 1:37ಕ್ಕೆ ರಕ್ಷಣೆಗಾಗಿ ಮಾಡಿದ /24 ಘೋಷಣೆಯೂ ಅಸಿಂಧುವೇ. ಹಾಗಾದರೆ ಮುಂಜಾಗ್ರತೆಗೆ ಗರಿಷ್ಠ 24 ಎಂದು ಬರೆದರೆ ಆಗದೇ? ಆಗ ಬೇರೊಂದು ಬಾಗಿಲು ತೆರೆಯುತ್ತದೆ. ದಾಳಿಕೋರ ತನ್ನ ಸಂಖ್ಯೆಯನ್ನು ಬಲತುದಿಯಲ್ಲಿ ಇಡದೆ, ಅಲ್ಲಿ ಯೂಟ್ಯೂಬ್‌ನ ಸಂಖ್ಯೆಯನ್ನೇ ನಕಲಿಯಾಗಿ ಬರೆದು ತಾನು ಅದರ ಪಕ್ಕದವನೆಂಬಂತೆ ತೋರಿಸಿಕೊಳ್ಳಬಹುದು:

```
208.65.153.0/24    ... 17557 36561
```

ಇದು ಊಹೆಯ ಸಾಲು, ಅಂದು ಹೀಗೆ ಆಗಲಿಲ್ಲ. ಆರ್‌ಒಎ ನೋಡುವುದು ಬಲತುದಿಯನ್ನು ಮತ್ತು ಅಳತೆಯನ್ನು ಮಾತ್ರ. ಎರಡೂ ಸರಿಯಾಗಿವೆ, ಆದ್ದರಿಂದ ಇದು ಸಿಂಧು. ನಿಜವಾದ ಯೂಟ್ಯೂಬ್ /22 ಮಾತ್ರ ಹೇಳುತ್ತಿದ್ದರೆ ಈ ನಕಲಿ /24 ಜಗತ್ತಿನಾದ್ಯಂತ ಗೆಲ್ಲುತ್ತದೆ. ಹಾಗಾಗಿ ನೀವು ನಿಜವಾಗಿ ಘೋಷಿಸುವಷ್ಟೇ ಅಳತೆಯನ್ನು ಪತ್ರದಲ್ಲಿ ಬರೆಯಿರಿ, ಹೆಚ್ಚು ಬೇಡ ಎಂಬುದು ಇಂದಿನ ಎಂಜಿನಿಯರುಗಳ ಸಲಹೆ. ಆಗ ನಕಲಿಕೋರ ಅದೇ /22 ಅನ್ನು ನಿಮ್ಮ ಸಂಖ್ಯೆ ಹಾಕಿ ಹೇಳಬೇಕಾಗುತ್ತದೆ, ಅವನ ಪಾಥ್ ಒಂದು ಮೆಟ್ಟಿಲು ಉದ್ದವಾಗುತ್ತದೆ, ಅವನಿಗೆ ಸಿಗುವುದು ಅವನ ಹತ್ತಿರದ ಕೆಲವು ನೆಟ್‌ವರ್ಕ್‌ಗಳು ಮಾತ್ರ. ಪೂರ್ತಿ ಪಾಥ್‌ಗೆ ಸಹಿ ಹಾಕುವ ವಿಧಾನವೂ ಕಾಗದದ ಮೇಲೆ ಸಿದ್ಧವಿದೆ, ಆದರೆ ದಾರಿಯಲ್ಲಿರುವ ಎಲ್ಲರೂ ಅಳವಡಿಸಿಕೊಂಡಾಗಲೇ ಅದು ಕೆಲಸಕ್ಕೆ ಬರುವುದರಿಂದ ಬಳಕೆಗೆ ಬಂದಿಲ್ಲ.

ಆರ್‌ಪಿಕೆಐಯಲ್ಲಿ ಕೆಲಸ ಎರಡು, ಮಾಡುವವರೂ ಇಬ್ಬರು. ಪತ್ರ ಬರೆಯಬೇಕಾದವನು ವಿಳಾಸದ ಒಡೆಯ. ಅದನ್ನು ನೋಡಿ ಸುಳ್ಳನ್ನು ಬಿಸಾಡಬೇಕಾದವರು ದಾರಿಯಲ್ಲಿರುವ ಬೇರೆ ನೆಟ್‌ವರ್ಕ್‌ಗಳು. ಒಬ್ಬರು ಮಾಡಿ ಇನ್ನೊಬ್ಬರು ಮಾಡದಿದ್ದರೆ 2008ರ ರಾತ್ರಿಗೂ ಇಂದಿಗೂ ವ್ಯತ್ಯಾಸವಿಲ್ಲ. ನಮ್ಮ ಕಾಲೇಜಿನ ಸಂಪರ್ಕದ ಐಪಿ ವಿಳಾಸಕ್ಕೆ ಆರ್‌ಒಎ ಇದೆಯೇ, ಅದರಲ್ಲಿ ಗರಿಷ್ಠ ಅಳತೆ ಎಷ್ಟು ಬರೆದಿದ್ದಾರೆ ಎಂಬುದನ್ನು ಮುಂದಿನ ಲ್ಯಾಬ್ ಅವಧಿಯಲ್ಲಿ ಅದೇ ಪುಟದಲ್ಲಿ ಹುಡುಕೋಣ. ಪ್ರಶ್ನೆ ಕೇಳಿದವಳು ಮೊದಲ ಕಂಪ್ಯೂಟರಿನಲ್ಲಿ ಕೂರಲಿ.